ತೊಂಬತ್ತು ದಿನದ ಗಡುವು: ಸಣ್ಣ ಕಾರ್ಖಾನೆಯೊಂದರ ಚೇತರಿಕೆಯ ಲೆಕ್ಕ

ನಷ್ಟದಲ್ಲಿರುವ ಸಣ್ಣ ಉದ್ಯಮದ ಚೇತರಿಕೆ ಯೋಜನೆ ಎಂದರೆ ಮೂರು ಪ್ರಶ್ನೆಗಳಿಗೆ ಅಂಕಿಗಳಲ್ಲಿ ಬರೆದ ಉತ್ತರ. ಮುಂದಿನ ಮೂರು ತಿಂಗಳು ಹಣ ಎಲ್ಲಿಂದ ಬರುತ್ತದೆ? ಪ್ರತಿ ತಿಂಗಳೂ ಅದು ಸೋರುತ್ತಿರುವುದು ಎಲ್ಲಿ? ಸಾಲ ಕೊಟ್ಟವರಲ್ಲಿ ಯಾರಿಗೆ, ಯಾವಾಗ, ಎಷ್ಟು ಕೊಡಲು ಸಾಧ್ಯ? ಉತ್ತರಗಳನ್ನು ಇದೇ ಕ್ರಮದಲ್ಲಿ ಹುಡುಕಬೇಕು. ಬಹುತೇಕ ಮಾಲೀಕರು ಮೂರನೆಯದರಿಂದ ಶುರು ಮಾಡುತ್ತಾರೆ, ಏಕೆಂದರೆ ಫೋನ್ ಮಾಡುವವನು ಸಾಲ ಕೊಟ್ಟವನೇ. ಮೊದಲ ಎರಡರ ಲೆಕ್ಕವಿಲ್ಲದೆ ಕೊಟ್ಟ ಮಾತು ತಿಂಗಳೊಳಗೆ ಮುರಿಯುತ್ತದೆ. ಒಮ್ಮೆ ಮಾತು ಮುರಿದವನ ಎರಡನೇ ಯೋಜನೆಯನ್ನು ಯಾರೂ ಓದುವುದಿಲ್ಲ.

ಲೆಕ್ಕ ಕಣ್ಣಿಗೆ ಕಾಣುವಂತೆ ಒಂದು ಮಾದರಿ ಘಟಕವನ್ನು ತೆಗೆದುಕೊಳ್ಳಬಹುದು. ಇದು ಯಾವುದೇ ನಿಜ ಸಂಸ್ಥೆಯದಲ್ಲ. ಆದರೆ ಬೆಂಗಳೂರಿನ ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಇರುವಂಥ ಘಟಕ: ಬಾಡಿಗೆ ಶೆಡ್ಡು, ಆರು ಸಿಎನ್‌ಸಿ ಯಂತ್ರ, 22 ಜನ ಕೆಲಸಗಾರರು, ಒಬ್ಬರೇ ಮಾಲೀಕರು. ದೊಡ್ಡ ಕಂಪನಿಗಳಿಗೆ ಬುಷ್, ಸ್ಪಿಂಡಲ್‌ಗಳಂಥ ಬಿಡಿಭಾಗ ಮಾಡಿಕೊಡುವುದು ಕೆಲಸ. ಜಿಎಸ್‌ಟಿ ಬಿಟ್ಟು ತಿಂಗಳಿಗೆ 24 ಲಕ್ಷ ರೂಪಾಯಿ ವಹಿವಾಟು ಇತ್ತು. ಮುಖ್ಯ ಗಿರಾಕಿಯೊಬ್ಬರು ಆರ್ಡರ್ ಇಳಿಸಿದ ಮೇಲೆ ಅದು 18 ಲಕ್ಷಕ್ಕೆ ಬಂದು ನಿಂತಿದೆ.

ಕಬ್ಬಿಣ, ಟೂಲು, ಹೊರಗೆ ಮಾಡಿಸುವ ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್, ಉರಿಸಿದ ಕರೆಂಟು, ಸಾಗಣೆ ಇವೆಲ್ಲ ಕೆಲಸ ಹೆಚ್ಚಿದಂತೆ ಹೆಚ್ಚುವ, ಇಳಿದಂತೆ ಇಳಿಯುವ ಖರ್ಚುಗಳು. ಈ ಘಟಕದಲ್ಲಿ ಅವು ನೂರು ರೂಪಾಯಿಗೆ 60 ರೂಪಾಯಿ. ಉಳಿದ 40 ರೂಪಾಯಿಯನ್ನು ಇಲ್ಲಿ ಮಿಗತೆ ಎನ್ನೋಣ. ಸಂಬಳ, ಬಾಡಿಗೆ, ಮಾಲೀಕರ ಮನೆಖರ್ಚು, ಬ್ಯಾಂಕಿನ ಬಡ್ಡಿ ಮತ್ತು ಕಂತು, ಎಲ್ಲವೂ ಈ ಮಿಗತೆಯಿಂದಲೇ ಹೊರಡಬೇಕು. ಅವುಗಳ ಮೊತ್ತ ತಿಂಗಳಿಗೆ 9.2 ಲಕ್ಷ. ಅಂದರೆ 23 ಲಕ್ಷದ ವಹಿವಾಟು ಆದರೆ ಮಾತ್ರ ಸರಿತೂಗುತ್ತದೆ. 24 ಲಕ್ಷವಿದ್ದಾಗ ತಿಂಗಳಿಗೆ 40 ಸಾವಿರ ಉಳಿಯುತ್ತಿತ್ತು. 18 ಲಕ್ಷದಲ್ಲಿ ಮಿಗತೆ 7.2 ಲಕ್ಷ, ಕೊರತೆ 2 ಲಕ್ಷ. ಕಾಲು ಭಾಗ ವಹಿವಾಟು ಇಳಿದದ್ದಕ್ಕೆ ಸಣ್ಣ ಲಾಭ ಹೋಗಿ ಅದರ ಐದು ಪಟ್ಟು ಕೊರತೆ ಬಂದು ಕೂತಿತು.

ರೋಗ ಮೊದಲು ಕಾಣುವುದು ಎಲ್ಲಿ

ಈ 2 ಲಕ್ಷದ ಕೊರತೆ ಮೊದಮೊದಲು ಯಾರಿಗೂ ಕಾಣುವುದಿಲ್ಲ. ಕಬ್ಬಿಣದ ವ್ಯಾಪಾರಿಗೆ 45 ದಿನಕ್ಕೆ ಕೊಡುತ್ತಿದ್ದ ಹಣ 70 ದಿನಕ್ಕೆ, ಆಮೇಲೆ 100 ದಿನಕ್ಕೆ ಹೋಗುತ್ತದೆ. ಮಾಲು ಕೊಟ್ಟವರು ತಮಗೆ ಗೊತ್ತಿಲ್ಲದೆಯೇ ಕೊರತೆಗೆ ಸಾಲ ಕೊಡುತ್ತಿರುತ್ತಾರೆ. ರೋಗವನ್ನು ಹೊರಗೆ ಹಾಕುವುದು ಸಾಮಾನ್ಯವಾಗಿ ಬ್ಯಾಂಕಿನ ಸಿಸಿ ಖಾತೆ.

ಸಿಸಿ ಖಾತೆಯ ಮಿತಿ 60 ಲಕ್ಷ ಎಂದರೆ ಯಾವಾಗಲೂ 60 ಲಕ್ಷ ತೆಗೆಯಬಹುದು ಎಂದಲ್ಲ. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಮೇಲೆ ಬ್ಯಾಂಕು ಡ್ರಾಯಿಂಗ್ ಪವರ್ ಲೆಕ್ಕ ಹಾಕುತ್ತದೆ. ದಾಸ್ತಾನಿನ ಬೆಲೆಯಲ್ಲಿ ಮಾಲು ಕೊಟ್ಟವರ ಬಾಕಿ ಕಳೆದು, ಬರಬೇಕಾದ ಬಿಲ್ಲುಗಳ ಮೊತ್ತ ಸೇರಿಸಿ, ಸಾಮಾನ್ಯವಾಗಿ ಅದರ ಕಾಲು ಭಾಗವನ್ನು ಮಾರ್ಜಿನ್ ಎಂದು ಬಿಡಲಾಗುತ್ತದೆ. 90 ದಿನ ಮೀರಿದ ಬಿಲ್ಲುಗಳನ್ನು ಬಹುತೇಕ ಬ್ಯಾಂಕುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾದರಿ ಘಟಕದ ದಾಸ್ತಾನು 40 ಲಕ್ಷ, ಮಾಲು ಕೊಟ್ಟವರ ಬಾಕಿ 30 ಲಕ್ಷ, ಬರಬೇಕಾದ ಬಿಲ್ಲು 75 ಲಕ್ಷ. ಎಲ್ಲ ಬಿಲ್ಲೂ ಹೊಸತಾಗಿದ್ದರೆ ಡ್ರಾಯಿಂಗ್ ಪವರ್ ಸುಮಾರು 64 ಲಕ್ಷ ಆಗಿ, ಪೂರ್ತಿ ಮಿತಿ ಕೈಗೆ ಸಿಗುತ್ತಿತ್ತು. ಆದರೆ 19 ಲಕ್ಷದ ಬಿಲ್ಲುಗಳು 90 ದಿನ ದಾಟಿವೆ. ಅವನ್ನು ಬಿಟ್ಟರೆ ಸಿಗುವುದು 49.5 ಲಕ್ಷ. ಖಾತೆಯಲ್ಲಿ ಈಗಾಗಲೇ 57 ಲಕ್ಷ ತೆಗೆದಾಗಿದೆ. ಏಳೂವರೆ ಲಕ್ಷ ಹೆಚ್ಚು.

ಇಲ್ಲಿಂದ ಗಡಿಯಾರ ಓಡತೊಡಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಿಸಿ ಖಾತೆ ಮಿತಿ ಅಥವಾ ಡ್ರಾಯಿಂಗ್ ಪವರ್, ಯಾವುದು ಕಡಿಮೆಯೋ ಅದನ್ನು ಮೀರಿ ಸತತ 30 ದಿನ ಕಳೆದರೆ ಎಸ್‌ಎಂಎ-1, 60 ದಿನ ಕಳೆದರೆ ಎಸ್‌ಎಂಎ-2 ಎಂದು ಗುರುತಾಗುತ್ತದೆ. 90 ದಿನ ಮೀರಿದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಕಂತಿನ ಸಾಲಕ್ಕೂ ಇದೇ 90 ದಿನ. ಎನ್‌ಪಿಎ ಆದ ಮೇಲೆ ಒತ್ತೆ ಇಟ್ಟ ಆಸ್ತಿಗೆ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಬರಬಹುದು. ಸಣ್ಣ ಉದ್ಯಮಗಳಲ್ಲಿ ಆ ಒತ್ತೆ ಹೆಚ್ಚಾಗಿ ಮಾಲೀಕರ ಮನೆಯೇ ಆಗಿರುತ್ತದೆ. ಆದ್ದರಿಂದ ಚೇತರಿಕೆಯ ಯೋಜನೆಗೆ ನಿಜವಾಗಿ ಸಿಗುವ ಕಾಲ ಈ ತೊಂಬತ್ತು ದಿನ. ಡ್ರಾಯಿಂಗ್ ಪವರ್ ಕುಸಿದದ್ದನ್ನು ಮುಚ್ಚಲು ಸ್ಟೇಟ್‌ಮೆಂಟಿನಲ್ಲಿ ದಾಸ್ತಾನನ್ನು ಹಿಗ್ಗಿಸಿ ಬರೆಯುವ ಅಭ್ಯಾಸ ಅನೇಕ ಕಡೆ ಇದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಸ್ಟಾಕ್ ಆಡಿಟ್‌ನಲ್ಲಿ ಅದು ಸಿಕ್ಕಿಬಿದ್ದ ದಿನ ಕಷ್ಟದಲ್ಲಿರುವ ಗ್ರಾಹಕ ಮೋಸಗಾರನೆಂದು ಎಣಿಸಲ್ಪಡುತ್ತಾನೆ. ಆಮೇಲೆ ಮಾತುಕತೆಯ ಬಾಗಿಲೇ ಮುಚ್ಚುತ್ತದೆ.

ಹದಿಮೂರು ವಾರದ ಹಾಳೆ

ಮೊದಲ ಕೆಲಸ ಒಂದು ಹಾಳೆಯಲ್ಲಿ ಹದಿಮೂರು ವಾರಗಳ ನಗದಿನ ಲೆಕ್ಕ ಬರೆಯುವುದು. ಲಾಭ ನಷ್ಟದ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಬಿಲ್ ಹಾಕಿದ ದಿನ ಮಾರಾಟ ಎಂದು ಬರೆದದ್ದು ಮೂರು ತಿಂಗಳ ನಂತರ ಹಣವಾಗುತ್ತದೆ. ಹಾಳೆಯಲ್ಲಿ ವಾರದ ಆರಂಭದ ಹಣ, ಯಾವ ಗಿರಾಕಿಯಿಂದ ಯಾವ ಬಿಲ್ಲಿನ ಹಣ ಬರುತ್ತದೆ, ಯಾವ ತಾರೀಖಿಗೆ ಏನು ಕೊಡಬೇಕು, ವಾರದ ಕೊನೆಗೆ ಏನು ಉಳಿಯುತ್ತದೆ, ಇಷ್ಟೇ. ತಾರೀಖುಗಳು ಗಟ್ಟಿಯಾಗಿವೆ. ಸಂಬಳ 7ರೊಳಗೆ, ಪಿಎಫ್ ಮತ್ತು ಇಎಸ್‌ಐ 15ರೊಳಗೆ, ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿ 20ರೊಳಗೆ. ಗಿರಾಕಿಯ ಹಣವನ್ನು ಅವರು ಹೇಳಿದ ದಿನಕ್ಕೆ ಬರೆಯದೆ, ಕಳೆದ ಆರು ತಿಂಗಳಲ್ಲಿ ಅವರು ನಿಜವಾಗಿ ಎಷ್ಟು ದಿನಕ್ಕೆ ಕೊಟ್ಟರೋ ಆ ಲೆಕ್ಕದಲ್ಲಿ ಬರೆಯಬೇಕು. ಪ್ರತಿ ಶನಿವಾರ ಅಂದಾಜಿನ ಪಕ್ಕದಲ್ಲಿ ನಿಜವಾಗಿ ಬಂದದ್ದನ್ನು ಬರೆಯಬೇಕು. ನಾಲ್ಕು ವಾರ ಹೀಗೆ ಮಾಡಿದರೆ ಅಂದಾಜು ಎಲ್ಲಿ ತಪ್ಪುತ್ತಿದೆ ಎಂಬುದು ತಾನಾಗಿ ಹೊರಬೀಳುತ್ತದೆ.

ಈ ಹಾಳೆಯಿಂದ ಮೊದಲು ತಿಳಿಯುವುದು 19 ಲಕ್ಷದ ಹಳೇ ಬಾಕಿಯ ಬೆಲೆ. 60 ದಿನದ ಒಂದು ಲಕ್ಷದ ಬಿಲ್ ವಸೂಲಾದರೆ ಸಿಸಿ ಖಾತೆಯ ಸಾಲ ಒಂದು ಲಕ್ಷ ಇಳಿಯುತ್ತದೆ. ಆದರೆ ಡ್ರಾಯಿಂಗ್ ಪವರ್ ಕೂಡ 75 ಸಾವಿರ ಇಳಿಯುವುದರಿಂದ ಕೈಗೆ ದಕ್ಕುವುದು 25 ಸಾವಿರ. 90 ದಿನ ಮೀರಿದ ಬಿಲ್ ಡ್ರಾಯಿಂಗ್ ಪವರಿನಲ್ಲಿ ಇಲ್ಲವೇ ಇಲ್ಲ. ಅದು ವಸೂಲಾದರೆ ಪೂರ್ತಿ ಒಂದು ಲಕ್ಷದ ಉಸಿರು ಸಿಗುತ್ತದೆ. ಇದರ ಮೇಲೆ, ಆ 19 ಲಕ್ಷದಲ್ಲಿ ಸುಮಾರು 2.9 ಲಕ್ಷ ಜಿಎಸ್‌ಟಿ ಸೇರಿದೆ. ಗಿರಾಕಿ ಹಣ ಕೊಡದಿದ್ದರೂ ಬಿಲ್ ಹಾಕಿದ ತಿಂಗಳಿನ ಲೆಕ್ಕದಲ್ಲಿ ಅದನ್ನು ಸರ್ಕಾರಕ್ಕೆ ಕಟ್ಟಿ ಆಗಿದೆ. ಆದ್ದರಿಂದ ಹೊಸ ಆರ್ಡರ್ ಹುಡುಕಿ ಓಡುವ ಮೊದಲು ಹಳೇ ಬಿಲ್ಲಿನ ಫೈಲು ತೆಗೆಯುವುದೇ ಹೆಚ್ಚು ಫಲದ ಕೆಲಸ.

ಬಾಕಿ ನಿಲ್ಲುವುದಕ್ಕೆ ಕಾರಣ ಎಲ್ಲ ಕಡೆ ಒಂದೇ ಇರುವುದಿಲ್ಲ. 12 ಲಕ್ಷ ಉಳಿಸಿಕೊಂಡಿರುವ ದೊಡ್ಡ ಗಿರಾಕಿಯ ಲೆಕ್ಕ ವಿಭಾಗದಲ್ಲಿ ಕೂತು ಒಂದೊಂದೇ ಬಿಲ್ ತಾಳೆ ನೋಡಿದರೆ ಇಂಥ ಚಿತ್ರ ಸಿಗುತ್ತದೆ: 4 ಲಕ್ಷದ ಬಿಲ್ಲುಗಳಿಗೆ ಗೋದಾಮಿನ ಸ್ವೀಕೃತಿ ಚೀಟಿಯೇ ಸಿಸ್ಟಂಗೆ ಏರಿಲ್ಲ, 3 ಲಕ್ಷದ ಮಾಲಿನ ಅಳತೆಯ ಬಗ್ಗೆ ತಕರಾರಿದೆ, ಉಳಿದ 5 ಲಕ್ಷ ಸುಮ್ಮನೆ ತಡವಾಗಿದೆ. ಮೊದಲನೆಯದಕ್ಕೆ ಡೆಲಿವರಿ ಚಲನ್ ಸಾಕು. ಎರಡನೆಯದಕ್ಕೆ ಒಂದಿಷ್ಟು ಬಿಟ್ಟುಕೊಟ್ಟು ಕ್ರೆಡಿಟ್ ನೋಟ್ ಹಾಕಿ ಮುಗಿಸುವುದು ವರ್ಷಗಟ್ಟಲೆ ಜಗ್ಗುವುದಕ್ಕಿಂತ ಲೇಸು. ಮೂರನೆಯದಕ್ಕೆ ಕಾನೂನಿನ ಬಲವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಳ್ಳುವವರು ಬರಹದ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ದೂರನ್ನು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಕೊಡಬಹುದು. ಆದರೆ ಮಾಲು ಕೊಡುವ ಮೊದಲೇ ನೋಂದಣಿ ಆಗಿರಬೇಕು. ಆಮೇಲೆ ಮಾಡಿಸಿದ ಉದ್ಯಮ್ ನೋಂದಣಿ ಹಳೇ ಬಿಲ್ಲುಗಳಿಗೆ ನೆರವಾಗುವುದಿಲ್ಲ.

ಇನ್ನೂ ಆರ್ಡರ್ ಕೊಡುತ್ತಿರುವ ಗಿರಾಕಿಯ ಮೇಲೆ ದೂರು ಹಾಕಲು ಯಾರಿಗೂ ಮನಸ್ಸಾಗದು. ಅಂಥ ಕಡೆ ಟ್ರೆಡ್ಸ್ ಎಂಬ ವ್ಯವಸ್ಥೆ ಒಳ್ಳೆಯ ದಾರಿ. ಗಿರಾಕಿ ಒಪ್ಪಿದ ಬಿಲ್ಲನ್ನು ಅಲ್ಲಿ ಬ್ಯಾಂಕುಗಳು ಬಡ್ಡಿ ಮುರಿದುಕೊಂಡು ಕೂಡಲೇ ನಗದು ಮಾಡುತ್ತವೆ. ಆಮೇಲೆ ಗಿರಾಕಿ ತಪ್ಪಿದರೂ ಮಾಲು ಕೊಟ್ಟವರ ಮೇಲೆ ಬರುವುದಿಲ್ಲ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳುವುದು ಈಗ ಕಡ್ಡಾಯ. ಇದು ಮುಂದಿನ ಬಿಲ್ಲುಗಳಿಗೆ ಮದ್ದು. ತಕರಾರಿನಲ್ಲಿರುವ ಹಳೇ ಬಿಲ್ಲಿಗೆ ಅಲ್ಲ. ಮಾದರಿ ಘಟಕಕ್ಕೆ ಮೂರು ತಿಂಗಳಲ್ಲಿ 19ರಲ್ಲಿ 9 ಲಕ್ಷ ಬರುತ್ತದೆ ಎಂದು ಹಿಡಿಯೋಣ. ಉಳಿದದ್ದನ್ನು ಯೋಜನೆಯಲ್ಲಿ ಸೊನ್ನೆ ಎಂದೇ ಬರೆಯಬೇಕು.

ಕತ್ತರಿ ಎಲ್ಲಿ ಹಾಕಬೇಕು

ಖರ್ಚು ಇಳಿಸುವಾಗ ಎಲ್ಲದಕ್ಕೂ ಹತ್ತು ಪರ್ಸೆಂಟ್ ಕಡಿತ ಎನ್ನುವುದು ಸುಲಭದ ದಾರಿ. ಅದರಿಂದ ಇನ್ಸರ್ಟ್ ಸವೆದರೂ ಬದಲಿಸದೆ ಮಾಲು ರಿಜೆಕ್ಟ್ ಆಗುತ್ತದೆ, ಯಂತ್ರದ ಎಣ್ಣೆ ಬದಲಾಗುವುದಿಲ್ಲ, ಚೆನ್ನಾಗಿ ಸೆಟ್ಟಿಂಗ್ ಮಾಡುವ ಕೆಲಸಗಾರ ಪಕ್ಕದ ಶೆಡ್ಡಿಗೆ ಹೋಗುತ್ತಾನೆ. ಕತ್ತರಿ ಹಾಕುವ ಮೊದಲು ಪ್ರತಿ ಬಿಡಿಭಾಗ ಒಂದು ಗಂಟೆಯ ಯಂತ್ರದ ಹೊತ್ತಿಗೆ ಎಷ್ಟು ಮಿಗಿಸುತ್ತದೆ ಎಂದು ನೋಡಬೇಕು.

ಮಾದರಿ ಘಟಕದಲ್ಲಿ ಒಂದು ಬುಷ್ ತಿಂಗಳಿಗೆ 3 ಲಕ್ಷದ ವಹಿವಾಟು ತರುತ್ತದೆ. ಕಬ್ಬಿಣವೇ 2.1 ಲಕ್ಷ, ಇತರ ಖರ್ಚು 60 ಸಾವಿರ. ಮಿಗುವುದು 30 ಸಾವಿರ, ಅದಕ್ಕೆ ಯಂತ್ರ ಓಡುವುದು 450 ಗಂಟೆ. ಗಂಟೆಗೆ 67 ರೂಪಾಯಿ. ಇನ್ನೊಂದು, ವಾಲ್ವಿನ ಸ್ಪಿಂಡಲ್. 2 ಲಕ್ಷದ ವಹಿವಾಟಿನಲ್ಲಿ 1.1 ಲಕ್ಷ ಮಿಗುತ್ತದೆ, ಯಂತ್ರ ಓಡುವುದು 300 ಗಂಟೆ. ಗಂಟೆಗೆ 367 ರೂಪಾಯಿ. ವಹಿವಾಟಿನ ಪಟ್ಟಿಯಲ್ಲಿ ಬುಷ್ ಮೇಲಿದೆ, ಗಂಟೆಯ ಲೆಕ್ಕದಲ್ಲಿ ಅದು ತಳದಲ್ಲಿದೆ.

ಹಾಗಾದರೆ ಬುಷ್ ಕೂಡಲೇ ಬಿಡಬೇಕೇ? ಇಲ್ಲಿ ಅವಸರ ಕೂಡದು. ಯಂತ್ರಗಳು ಹೇಗೂ ಖಾಲಿ ನಿಂತಿರುವಾಗ 30 ಸಾವಿರ ಮಿಗಿಸುವ ಕೆಲಸವನ್ನು ಬಿಟ್ಟರೆ ಕೊರತೆ 30 ಸಾವಿರ ಹೆಚ್ಚುತ್ತದೆ, ಬೇರೇನೂ ಆಗುವುದಿಲ್ಲ. ಆ ಕೆಲಸದ ಜೊತೆಗೇ ಒಂದು ಕಾಯಂ ಖರ್ಚು ಹೋಗುವುದಾದರೆ ಮಾತ್ರ ಬಿಡುವುದರಲ್ಲಿ ಅರ್ಥವಿದೆ. ಮೊದಲು ಕೇಳಬೇಕಾದದ್ದು ದರ ಏರಿಸಲು, ಇಲ್ಲವೇ ಕಬ್ಬಿಣವನ್ನು ಗಿರಾಕಿಯೇ ಕೊಟ್ಟು ಬರೀ ಕೂಲಿ ಕೊಡಲು. ಅವರು ಎರಡಕ್ಕೂ ಒಪ್ಪದಿದ್ದರೆ ಬುಷ್ ಬಿಡಬಹುದು, ಏಕೆಂದರೆ ಅದಕ್ಕಾಗಿಯೇ ಈ ಘಟಕ ರಾತ್ರಿಯ ಮೂರನೇ ಪಾಳಿ ನಡೆಸುತ್ತಿದೆ. ಅದು ಹೋದರೆ ಉಳಿದ ಕೆಲಸ ಎರಡು ಪಾಳಿಯೊಳಗೆ ಮುಗಿದು, ಮೇಲೆ ಸ್ವಲ್ಪ ಹೊತ್ತು ಖಾಲಿಯೂ ಇರುತ್ತದೆ. ಕಬ್ಬಿಣದಲ್ಲಿ ಸಿಕ್ಕಿಹಾಕಿಕೊಂಡ ಹಣವೂ ಬಿಡುಗಡೆಯಾಗುತ್ತದೆ.

ಮೂರನೇ ಪಾಳಿಯ ಮೂವರಿಗೆ ಪಿಎಫ್ ಸೇರಿ 75 ಸಾವಿರ ಖರ್ಚು. ಶೆಡ್ಡಿನ ಹಿಂಭಾಗ ಖಾಲಿ ಮಾಡಿ ಹಿಂದಿರುಗಿಸಿದರೆ ಬಾಡಿಗೆಯಲ್ಲಿ 35 ಸಾವಿರ. ಮಾಲೀಕರು ಮನೆಗೆ ತೆಗೆಯುವ 80 ಸಾವಿರವನ್ನು 45ಕ್ಕೆ ಇಳಿಸಿದರೆ ಇನ್ನೊಂದು 35 ಸಾವಿರ. ಮಂಜೂರಾದ ವಿದ್ಯುತ್ ಲೋಡ್ ಬಳಕೆಗಿಂತ ಹೆಚ್ಚಿದ್ದರೆ ಅದನ್ನು ಇಳಿಸಲು ಅರ್ಜಿ ಹಾಕಬೇಕು. ಯಂತ್ರ ನಿಂತಿದ್ದರೂ ಲೋಡಿಗೆ ನಿಗದಿ ಶುಲ್ಕ ಬೀಳುತ್ತಲೇ ಇರುತ್ತದೆ. ಅಲ್ಲಿ 10 ಸಾವಿರ, ಚಿಲ್ಲರೆ ಖರ್ಚಿನಲ್ಲಿ 10 ಸಾವಿರ. ಒಟ್ಟು 1.65 ಲಕ್ಷ. ಬುಷ್‌ನ 30 ಸಾವಿರ ಕಳೆದುಕೊಂಡ ಮೇಲೆ ವಹಿವಾಟು 15 ಲಕ್ಷ, ಮಿಗತೆ 6.9 ಲಕ್ಷ, ಅಂದರೆ ನೂರಕ್ಕೆ 46. ಕಾಯಂ ಖರ್ಚು 7.55 ಲಕ್ಷ. ಸರಿತೂಗುವ ವಹಿವಾಟು 23 ಲಕ್ಷದಿಂದ 16.4 ಲಕ್ಷಕ್ಕೆ ಇಳಿದಿದೆ. ತಿಂಗಳ ಕೊರತೆ 2 ಲಕ್ಷದಿಂದ 65 ಸಾವಿರಕ್ಕೆ ಬಂದಿದೆ.

ಈ ಕಡಿತಗಳ ಫಲ ಮರುದಿನವೇ ಸಿಗುತ್ತದೆ ಎಂದು ಹಾಳೆಯಲ್ಲಿ ಬರೆದರೆ ಹಾಳೆ ಸುಳ್ಳಾಗುತ್ತದೆ. ಒಂದು ವರ್ಷಕ್ಕೂ ಹೆಚ್ಚು ದುಡಿದ ಕಾರ್ಮಿಕನನ್ನು ಬಿಡಿಸಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ವೇತನ, ಮತ್ತು ದುಡಿದ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ನಾಲ್ಕು ವರ್ಷ ದುಡಿದವನಿಗೆ ಎರಡೂ ಸೇರಿ ಮೂರು ತಿಂಗಳ ಸಂಬಳ. ಉಳಿತಾಯ ಶುರುವಾಗುವುದು ನಾಲ್ಕನೇ ತಿಂಗಳಿಂದ. ಇದು ಕಷ್ಟದ ಕಾಲದಲ್ಲಿ ಭಾರ ಎನಿಸಬಹುದು, ಆದರೆ ರಾತ್ರಿ ಪಾಳಿಯಲ್ಲಿ ಕಣ್ಣುಜ್ಜಿ ದುಡಿದವನ ಹಣ ಅದು. ಅದನ್ನು ಉಳಿಸಿಕೊಂಡು ಕಟ್ಟಿದ ಚೇತರಿಕೆ ಚೇತರಿಕೆಯಲ್ಲ. ಮಾದರಿ ಘಟಕದಲ್ಲಿ ಒಬ್ಬರು ತಾವೇ ಬೇರೆ ಕಡೆ ಕೆಲಸ ಹಿಡಿದರು ಎನ್ನೋಣ. ಇಬ್ಬರ ಪರಿಹಾರ 1.5 ಲಕ್ಷ. ಮೂಲೆಯಲ್ಲಿ ಬಿದ್ದ ಹಳೇ ಲೇತ್, ಕಬ್ಬಿಣದ ಚೂರು, ಲೆಕ್ಕದಿಂದ ಎಂದೋ ಬಿಟ್ಟ ಮಾಲು ಮಾರಿ 3.5 ಲಕ್ಷ ಬಂದರೆ ಇದಕ್ಕೆ ಸಾಕಾಗುತ್ತದೆ. ಬ್ಯಾಂಕಿಗೆ ಅಡವಾದ ಯಂತ್ರವನ್ನಾಗಲಿ ಮಾಲನ್ನಾಗಲಿ ಬ್ಯಾಂಕಿನ ಒಪ್ಪಿಗೆ ಪತ್ರವಿಲ್ಲದೆ ಮಾರಕೂಡದು.

ಸಾಲ ಕೊಟ್ಟವರ ಮುಂದೆ

ಈಗ ಮೂರನೇ ಪ್ರಶ್ನೆ. ಜೋರಾಗಿ ಕೂಗುವವನಿಗೆ ಮೊದಲು ಕೊಡುವುದು ಮನುಷ್ಯ ಸಹಜ. ಆದರೆ ಸರದಿಯನ್ನು ನಿರ್ಧರಿಸಬೇಕಾದದ್ದು, ಕೊಡದಿದ್ದರೆ ಏನಾಗುತ್ತದೆ ಎಂಬ ಲೆಕ್ಕ. ಕೆಲಸಗಾರರ ಸಂಬಳದಿಂದ ಹಿಡಿದ ಪಿಎಫ್ ಹಣ ಮಾಲೀಕರದ್ದೇ ಅಲ್ಲ, ಅದನ್ನು ಉಳಿಸಿಕೊಂಡರೆ ಕ್ರಿಮಿನಲ್ ಮೊಕದ್ದಮೆ ಆಗಬಹುದು. ಗಿರಾಕಿಯಿಂದ ಪಡೆದ ಜಿಎಸ್‌ಟಿಯೂ ಹಾಗೆಯೇ ಬೇರೆಯವರ ಹಣ. ಅದನ್ನು ತಡೆದರೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ರಿಟರ್ನ್ ನಿಂತರೆ ಗಿರಾಕಿಗೆ ತೆರಿಗೆ ಕ್ರೆಡಿಟ್ ಸಿಗದೆ ಅವರು ಮಾಲು ಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಸಂಬಳ, ಕರೆಂಟು, ಈ ಎರಡು ಪಾವತಿ ಇವು ಮೊದಲ ಸಾಲು. ಜಿಎಸ್‌ಟಿ ಹಣವನ್ನು ಕಬ್ಬಿಣಕ್ಕೆ ತಿರುಗಿಸಲು ಶುರುವಾದ ತಿಂಗಳೇ ಘಟಕ ಮುಗ್ಗರಿಸತೊಡಗಿದೆ ಎಂಬುದಕ್ಕೆ ಗುರುತು.

ಬ್ಯಾಂಕಿನ ಜೊತೆಗಿನ ಮಾತಿಗೆ ಒಂದು ನಿಯಮದ ಬೆಂಬಲವಿದೆ, ಅದು ಅನೇಕರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಅಧಿಸೂಚನೆ ಹೊರಡಿಸಿ, ರಿಸರ್ವ್ ಬ್ಯಾಂಕು 2016ರ ಮಾರ್ಚ್‌ನಲ್ಲಿ ಬ್ಯಾಂಕುಗಳಿಗೆ ಕಳಿಸಿದ ಎಂಎಸ್‌ಎಂಇ ಪುನಶ್ಚೇತನ ಚೌಕಟ್ಟು ಅದು. 25 ಕೋಟಿವರೆಗಿನ ಸಾಲಗಳಿಗೆ ಅನ್ವಯ. ಖಾತೆ ಎನ್‌ಪಿಎ ಆಗುವ ಮೊದಲೇ ಬ್ಯಾಂಕು ತೊಂದರೆಯನ್ನು ಗುರುತಿಸಬೇಕು, ಹತ್ತು ಲಕ್ಷ ಮೀರಿದ ಸಾಲವನ್ನು ಬ್ಯಾಂಕಿನ ವಿಶೇಷ ಸಮಿತಿಯ ಮುಂದೆ ಇಡಬೇಕು. ಆ ಸಮಿತಿಯಲ್ಲಿ ಹೊರಗಿನ ಪರಿಣತರೊಬ್ಬರೂ ರಾಜ್ಯ ಸರ್ಕಾರದ ಪ್ರತಿನಿಧಿಯೂ ಇರುತ್ತಾರೆ. ಮಾಲೀಕರೇ ಮುಂದಾಗಿ ಅರ್ಜಿ ಕೊಡಲೂಬಹುದು. ಸಮಿತಿಯ ಮುಂದಿರುವ ದಾರಿ ಮೂರು: ಖಾತೆಯನ್ನು ಸರಿಪಡಿಸುವುದು, ಸಾಲದ ಷರತ್ತುಗಳನ್ನು ಮರುಹೊಂದಿಸುವುದು, ಇಲ್ಲವೇ ವಸೂಲಿಗೆ ಇಳಿಯುವುದು.

ಈ ಚೌಕಟ್ಟು ಬ್ಯಾಂಕುಗಳಿಗೆ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಪ್ರೋ ನಿಟ್ಸ್ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ಉದ್ಯಮವೂ ಎಚ್ಚರದಿಂದಿರಬೇಕು, ತಾನು ಎಂಎಸ್‌ಎಂಇ ಎಂಬುದಕ್ಕೆ ಪರಿಶೀಲಿಸಬಹುದಾದ ದಾಖಲೆಗಳನ್ನು ಖಾತೆ ಎನ್‌ಪಿಎ ಆಗುವ ಮೊದಲೇ ಬ್ಯಾಂಕಿನ ಮುಂದಿಡಬೇಕು. ಸುಮ್ಮನಿದ್ದು, ಆಸ್ತಿ ಜಪ್ತಿಯ ಹಂತದಲ್ಲಿ ಚೌಕಟ್ಟನ್ನು ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಆದ್ದರಿಂದ ಅರ್ಜಿ ಬರಹದಲ್ಲಿರಬೇಕು, ಶಾಖೆಯ ಸ್ವೀಕೃತಿ ಮುದ್ರೆ ಅದರ ಮೇಲಿರಬೇಕು. ಜೊತೆಗೆ ಹದಿಮೂರು ವಾರದ ಹಾಳೆ, ಖರ್ಚು ಕಡಿತದ ಲೆಕ್ಕ, ಹಳೇ ಬಾಕಿಯ ಪಟ್ಟಿ, ಉದ್ಯಮ್ ಪ್ರಮಾಣಪತ್ರ ಇರಬೇಕು.

ಕೇಳುವುದೂ ಖಚಿತವಾಗಿರಬೇಕು. ಮಾದರಿ ಘಟಕದ ಟರ್ಮ್ ಲೋನ್ 48 ಲಕ್ಷ ಉಳಿದಿದೆ, ಬಡ್ಡಿ 11 ಪರ್ಸೆಂಟ್, ಕಂತು 1.25 ಲಕ್ಷ, ತೀರಲು ಇನ್ನೂ ಸುಮಾರು 48 ತಿಂಗಳು. ಅವರು ಕೇಳುವುದು ಆರು ತಿಂಗಳು ಬಡ್ಡಿ ಮಾತ್ರ, ಅಂದರೆ 44 ಸಾವಿರ. ಆಮೇಲೆ 72 ಕಂತು, ತಲಾ ಸುಮಾರು 91 ಸಾವಿರ. ಸಿಸಿ ಖಾತೆಯ ಹೆಚ್ಚುವರಿ ಏಳೂವರೆ ಲಕ್ಷವನ್ನು ಬೇರೆ ಸಾಲವಾಗಿ ಮಾಡಿ, ಅದಕ್ಕೂ ಆರು ತಿಂಗಳ ಬಿಡುವು ಕೊಟ್ಟು ಮೂರು ವರ್ಷದ ಕಂತು. ಹೀಗಾದರೆ ಮೊದಲ ಆರು ತಿಂಗಳ ಕಾಯಂ ಖರ್ಚು 6.74 ಲಕ್ಷಕ್ಕೆ ಇಳಿದು, ಎಲ್ಲ ಕಡಿತಗಳೂ ಜಾರಿಯಾದ ಮೇಲೆ ತಿಂಗಳಿಗೆ 16 ಸಾವಿರ ಉಳಿಯುತ್ತದೆ. ಇದಕ್ಕೆ ಬೆಲೆಯೂ ಇದೆ. ಸಾಲ ತೀರುವ ಹೊತ್ತಿಗೆ ಟರ್ಮ್ ಲೋನ್ ಒಂದರ ಮೇಲೆಯೇ ಸುಮಾರು 9 ಲಕ್ಷ ಹೆಚ್ಚು ಬಡ್ಡಿ ಕಟ್ಟಿರುತ್ತಾರೆ. ಮರುಹೊಂದಿಕೆ ಆದ ಖಾತೆ ಸಾಮಾನ್ಯ ನಿಯಮದಂತೆ ಎನ್‌ಪಿಎ ವರ್ಗಕ್ಕೆ ಇಳಿಯುತ್ತದೆ. ಕೆಲ ಕಾಲ ತಪ್ಪದೆ ಕಟ್ಟಿದ ಮೇಲೆಯೇ ಮೇಲೇರುತ್ತದೆ, ಅಲ್ಲಿಯವರೆಗೆ ಹೊಸ ಸಾಲ ದುರ್ಲಭ. ಆದ್ದರಿಂದ ಹಳೇ ಬಾಕಿ ವಸೂಲಿ ಮಾಡಿಯೇ ಖಾತೆಯನ್ನು ಸರಿಪಡಿಸಲು ಸಾಧ್ಯವಿದ್ದರೆ, ಮರುಹೊಂದಿಕೆ ಕೇಳದಿರುವುದೇ ಒಳಿತು. ಮಾದರಿ ಘಟಕಕ್ಕೆ ಆ ಅನುಕೂಲವಿಲ್ಲ. ಬರುವ 9 ಲಕ್ಷ ಮಾಲು ಕೊಟ್ಟವರಿಗೂ ಬೇಕು.

ಮಾಲು ಕೊಟ್ಟವರ 30 ಲಕ್ಷದಲ್ಲಿ 14 ಲಕ್ಷ ಅವಧಿ ಮೀರಿದೆ. ಅವರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಬೇಕು, ಆದರೆ ಎಲ್ಲರಿಗೂ ಕೊಡುವ ಪ್ರಮಾಣ ಒಂದೇ ಇರಬೇಕು. ಕಬ್ಬಿಣದ ವ್ಯಾಪಾರಿಯೂ ಪ್ಲೇಟಿಂಗ್‌ನವರೂ ಒಬ್ಬರನ್ನೊಬ್ಬರು ಬಲ್ಲವರು, ಒಬ್ಬರಿಗೆ ಕೊಟ್ಟ ರಿಯಾಯಿತಿ ಸಂಜೆಯೊಳಗೆ ಮತ್ತೊಬ್ಬರಿಗೆ ತಿಳಿಯುತ್ತದೆ. ಮಾತು ಹೀಗಿರಬಹುದು: ಇವತ್ತಿನಿಂದ ಹೊಸ ಮಾಲಿಗೆ ನಗದು, ಹಳೇ ಬಾಕಿಯಲ್ಲಿ 4 ಲಕ್ಷ ಮೂರು ತಿಂಗಳೊಳಗೆ ಎಲ್ಲರಿಗೂ ಪಾಲಿನಂತೆ, ಉಳಿದ 10 ಲಕ್ಷ ತಿಂಗಳಿಗೆ ಒಂದು ಲಕ್ಷದಂತೆ ಹತ್ತು ಕಂತಿನಲ್ಲಿ. ಕಬ್ಬಿಣದ ವ್ಯಾಪಾರಿಗೆ ಹಳೇ ಬಾಕಿಗಿಂತ ನಗದು ಕೊಳ್ಳುವ ಗಿರಾಕಿ ಉಳಿಯುವುದು ಮುಖ್ಯ, ಅವರು ಒಪ್ಪುವ ಸಾಧ್ಯತೆ ಹೆಚ್ಚು. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಮಾಡುವ ಪುಟ್ಟ ಘಟಕಗಳು ಇನ್ನೂ ಸಣ್ಣವು. 45 ದಿನದ ಕಾನೂನು ಅವರ ಪರವಾಗಿಯೂ ಇದೆ. ಅವರಿಗೆ ಅವಧಿ ಮೀರಿ ಉಳಿಸಿದ ಬಾಕಿಯನ್ನು, ಕೊಡುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲೂ ಬರುವುದಿಲ್ಲ.

ಈ ಮಾತುಕತೆಯಲ್ಲಿ ತುಂಬ ಜನ ಎಡವುವುದು ಚೆಕ್ಕಿನಲ್ಲಿ. ನಂಬಿಕೆಗೆ ಇರಲಿ ಎಂದು ಹತ್ತು ಕಂತಿಗೂ ಮುಂದಿನ ತಾರೀಖಿನ ಚೆಕ್ ಬರೆದುಕೊಟ್ಟರೆ, ಒಂದು ತಿಂಗಳು ಹಣ ತಪ್ಪಿದರೂ ಚೆಕ್ ಬೌನ್ಸ್ ಆಗಿ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಂಟುತ್ತದೆ. ಸಾಮಾನ್ಯ ಬಾಕಿಯಾಗಿದ್ದದ್ದು ಕ್ರಿಮಿನಲ್ ಕೇಸಾಗುತ್ತದೆ. ನೋಟಿಸ್ ಕೈಗೆ ಬಂದ ಮೇಲೆ ಕಟ್ಟಲು ಸಿಗುವುದು 15 ದಿನ ಮಾತ್ರ. ಇಬ್ಬರೂ ಸಹಿ ಹಾಕಿದ ಒಂದು ಪುಟದ ಪತ್ರ, ತಿಂಗಳಿನ ನಿಗದಿತ ದಿನ ಬ್ಯಾಂಕ್ ವರ್ಗಾವಣೆ, ಇಷ್ಟರಲ್ಲೇ ನಿಲ್ಲಿಸಬೇಕು. ಮೀಟರ್ ಬಡ್ಡಿಗೆ ತಂದು ಹಳೇ ಬಾಕಿ ತೀರಿಸುವುದಂತೂ ಯೋಜನೆಯನ್ನು ತಾನೇ ಸುಟ್ಟುಹಾಕಿದಂತೆ. ಗಂಟೆಗೆ 367 ರೂಪಾಯಿ ಮಿಗಿಸುವ ಸ್ಪಿಂಡಲ್ ಕೂಡ ಆ ಬಡ್ಡಿಯನ್ನು ಹೊರಲಾರದು.

ಮೈಲಿಗಲ್ಲುಗಳು

ಇಷ್ಟೆಲ್ಲ ಆದರೂ ಘಟಕ ಬದುಕಿತು ಎಂದಾಗಲಿಲ್ಲ. ವಸೂಲಾದ 9 ಲಕ್ಷದಲ್ಲಿ 4 ಲಕ್ಷ ಮೊದಲ ಪಾಲಿಗೆ ಹೋಗುತ್ತದೆ, ಉಳಿದ 5 ಲಕ್ಷ ಐದು ತಿಂಗಳ ಕಂತನ್ನು ಹೊರುತ್ತದೆ. ಮೂರನೇ ತಿಂಗಳಿಂದ ಕಂತು ಶುರುವಾದರೆ ಏಳನೇ ತಿಂಗಳಿಗೆ ಆ ಹಣ ಮುಗಿಯುತ್ತದೆ. ಏಳನೇ ತಿಂಗಳಿಂದಲೇ ಬ್ಯಾಂಕಿನ ಪೂರ್ತಿ ಕಂತೂ ಶುರು. ಆಗ ಕಾಯಂ ಖರ್ಚು ಸುಮಾರು 7.4 ಲಕ್ಷಕ್ಕೆ ಏರಿ, ಸರಿತೂಗಲು 16.1 ಲಕ್ಷದ ವಹಿವಾಟು ಬೇಕು. ಎಂಟನೇ ತಿಂಗಳಿಂದ ಮಾಲು ಕೊಟ್ಟವರ ಒಂದು ಲಕ್ಷವನ್ನೂ ದುಡಿಮೆಯಿಂದಲೇ ಕೊಡಬೇಕು, ಅದಕ್ಕೆ 8.4 ಲಕ್ಷದ ಮಿಗತೆ ಬೇಕು. ಯೋಜನೆಯ ಜುಟ್ಟು ಇರುವುದು ಇಲ್ಲಿ. ಬುಷ್ ಬಿಟ್ಟು ಉಳಿಸಿದ 450 ಗಂಟೆಗೆ ಸ್ಪಿಂಡಲ್‌ನಂಥ ಕೆಲಸ ಸಿಕ್ಕರೆ 3 ಲಕ್ಷದ ವಹಿವಾಟಿಗೆ 1.65 ಲಕ್ಷ ಮಿಗುತ್ತದೆ, ಒಟ್ಟು 8.55 ಲಕ್ಷ ಆಗುತ್ತದೆ. ವಹಿವಾಟು ಮತ್ತೆ ಅದೇ 18 ಲಕ್ಷ. ಆಗ 2 ಲಕ್ಷ ಕೊರತೆ ತಂದ 18 ಲಕ್ಷವೇ ಈಗ ಸಾಲ ತೀರಿಸುವ 18 ಲಕ್ಷ. 24 ಲಕ್ಷಕ್ಕೆ ಮರಳುತ್ತೇವೆ ಎಂಬ ಕನಸನ್ನು ಅರ್ಜಿಯಲ್ಲಿ ಬರೆಯಬೇಕಾದ ಅಗತ್ಯವೇ ಇಲ್ಲ. ಬ್ಯಾಂಕಿನವರು ಮೊದಲು ಅನುಮಾನಿಸುವುದೂ ಅಂಥ ಏರುಗೆರೆಯನ್ನೇ.

ಆದ್ದರಿಂದ ಮೈಲಿಗಲ್ಲುಗಳನ್ನು ತಾರೀಖು ಹಾಕಿ ಬರೆಯಬೇಕು. ಮೊದಲ ತಿಂಗಳೊಳಗೆ ಬ್ಯಾಂಕಿಗೆ ಅರ್ಜಿ ಸೇರಿರಬೇಕು, ದೊಡ್ಡ ಗಿರಾಕಿಯ ಬಿಲ್ ತಾಳೆ ಮುಗಿದಿರಬೇಕು. ಮೂರನೇ ತಿಂಗಳ ಕೊನೆಗೆ 9 ಲಕ್ಷ ವಸೂಲಾಗಿ, ಸಿಸಿ ಖಾತೆ ಡ್ರಾಯಿಂಗ್ ಪವರ್ ಒಳಗೆ ಬಂದಿರಬೇಕು, ಮೂರು ತಿಂಗಳ ಜಿಎಸ್‌ಟಿ ಮತ್ತು ಪಿಎಫ್ ಒಂದು ದಿನವೂ ತಪ್ಪಿರಬಾರದು. ಐದನೇ ತಿಂಗಳಿಗೆ ಹೊಸ ಸ್ಪಿಂಡಲ್ ಕೆಲಸದ ಸ್ಯಾಂಪಲ್ ಪಾಸಾಗಿ ಬರಹದ ಆರ್ಡರ್ ಕೈಯಲ್ಲಿರಬೇಕು. ಹೊಸ ಬಿಡಿಭಾಗವೊಂದು ಗಿರಾಕಿಯ ತಪಾಸಣೆ ದಾಟಿ ಕಾಯಂ ಆರ್ಡರ್ ಆಗಲು ತಿಂಗಳುಗಳೇ ಹಿಡಿಯುವುದರಿಂದ, ಆ ಹುಡುಕಾಟ ಮೊದಲ ತಿಂಗಳಲ್ಲೇ ಶುರುವಾಗಿರಬೇಕು. ಎಂಟನೇ ತಿಂಗಳಿಗೆ ಮಿಗತೆ 8.4 ಲಕ್ಷ ಮುಟ್ಟಬೇಕು. ಹನ್ನೆರಡನೇ ತಿಂಗಳಿಗೆ ಮಾಲು ಕೊಟ್ಟವರ ಹಳೇ ಬಾಕಿ ಸೊನ್ನೆಯಾಗಬೇಕು.

ಒಂದು ಮೈಲಿಗಲ್ಲನ್ನು ಹೆಚ್ಚಿನ ಯೋಜನೆಗಳು ಬರೆಯುವುದೇ ಇಲ್ಲ, ಅದು ನಿಲ್ಲಿಸುವ ಗೆರೆ. ಆರನೇ ತಿಂಗಳ ಕೊನೆಗೂ ಹೊಸ ಆರ್ಡರ್ ಬಾರದೆ ವಹಿವಾಟು 15 ಲಕ್ಷದಲ್ಲೇ ಇದ್ದರೆ, ಏಳನೇ ತಿಂಗಳಿಂದ ಮತ್ತೆ ತಿಂಗಳಿಗೆ ಸುಮಾರು ಅರ್ಧ ಲಕ್ಷದ ಕೊರತೆ, ಮಾಲು ಕೊಟ್ಟವರ ಕಂತು ಸೇರಿದರೆ ಒಂದೂವರೆ ಲಕ್ಷ. ಆಗ ಮನೆಯವರ ಒಡವೆ ಅಡವಿಟ್ಟು ಮುಂದುವರಿಸುವುದು ಕೊರತೆಯನ್ನು ಮನೆಯೊಳಗೆ ತಂದಂತೆ. ಅದರ ಬದಲು ಬ್ಯಾಂಕಿನ ಒಪ್ಪಿಗೆಯಿಂದ ಓಡುತ್ತಿರುವ ಯಂತ್ರಗಳನ್ನು ಮಾರಿ, ಕೆಲಸಗಾರರ ಲೆಕ್ಕ ಮುಗಿಸಿ, ಉಳಿದ ಸಾಲಕ್ಕೆ ಒಂದೇ ಕಂತಿನ ಇತ್ಯರ್ಥ ಕೇಳುವುದು ನಷ್ಟ ಕಡಿಮೆ ಮಾಡುವ ದಾರಿ. ಓಡುತ್ತಿರುವ ಸಿಎನ್‌ಸಿ ಯಂತ್ರಕ್ಕೆ ಸಿಗುವ ಬೆಲೆ, ಬೀಗ ಬಿದ್ದ ಶೆಡ್ಡಿನಲ್ಲಿ ವರ್ಷ ಕಳೆದ ಯಂತ್ರಕ್ಕೆ ಹರಾಜಿನಲ್ಲಿ ಸಿಗುವುದಿಲ್ಲ. ಈ ಗೆರೆಯನ್ನು ಮೊದಲ ತಿಂಗಳಲ್ಲೇ, ಮನಸ್ಸು ತಿಳಿಯಾಗಿರುವಾಗ, ಮನೆಯವರಿಗೂ ಲೆಕ್ಕ ನೋಡುವವರಿಗೂ ತೋರಿಸಿ ಬರೆದಿಡಬೇಕು. ಆರನೇ ತಿಂಗಳಲ್ಲಿ ಕೂತು ಬರೆದರೆ ಅದು ಏಳಕ್ಕೆ, ಎಂಟಕ್ಕೆ ಸರಿಯುತ್ತ ಹೋಗುತ್ತದೆ.